ತುತ್ತಿಗೊಂದು ಚಿತ್ರ

ಬೆಳಿಗ್ಗೆ ಒಂಬತ್ತೂವರೆಯ ಹೊತ್ತು. ಮಗನೂ ಸೊಸೆಯೂ ಕೆಲಸಕ್ಕೆ ಹೊರಟುಹೋಗಿರುವರು. ನಡುಮನೆಯ ಚಾಪೆಯ ಮೇಲೆ ಎರಡು ವರ್ಷದ ಮಗು ಕುಳಿತಿದೆ; ಅದರ ಮುಂದೆ ನೀರಿನ ಚೊಂಬಿಗೆ ಒರಗಿಸಿಟ್ಟ ಮೊಬೈಲು; ಮೊಬೈಲಿನೊಳಗೆ ಬಣ್ಣಬಣ್ಣದ ಬಸ್ಸೊಂದು ಹಾಡುತ್ತ ಓಡುತ್ತಿದೆ. ಬಟ್ಟಲನ್ನು ಹಿಡಿದ ಅಜ್ಜಿ ಮಗುವಿನ ಬಾಯಿ ತೆರೆದಾಗಲೆಲ್ಲ ಒಂದೊಂದು ತುತ್ತನ್ನು ಇಡುತ್ತಿರುವರು. ಮಗು ಬಟ್ಟಲನ್ನು ನೋಡುವುದಿಲ್ಲ, ಅಜ್ಜಿಯನ್ನೂ ನೋಡುವುದಿಲ್ಲ. ಬಸ್ಸು ನಿಂತರೆ ಬಾಯಿ ಮುಚ್ಚುವುದು. ಬಸ್ಸು ಹೊರಟರೆ ಬಾಯಿ ತೆರೆಯುವುದು.

ಈ ದೃಶ್ಯವನ್ನು ಕಾಣದ ವಾಚಕರು ವಿರಳವೆಂದು ನಾವು ಭಾವಿಸಿದ್ದೇವೆ. ನಾವಂತೂ ಪರರ ಮನೆಯಲ್ಲಿ ಕಂಡದ್ದನ್ನು ಬರೆಯುತ್ತಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿಯೇ ಒಂದು ವರ್ಷಕಾಲ ನಡೆದುದನ್ನು, ಅದರಿಂದ ಹುಟ್ಟಿದ ಮನಸ್ತಾಪವನ್ನು, ಆ ಮನಸ್ತಾಪದ ಬೇರು ಎಲ್ಲಿತ್ತೆಂಬುದನ್ನು ಬರೆಯಬೇಕೆಂದು ಕುಳಿತಿದ್ದೇವೆ. “ಮನೆಯ ಮಾತನ್ನು ಬೀದಿಗೆ ಇಡುವುದುಂಟೆ?” ಎಂದು ಮಗುವಿನ ಅಜ್ಜಿ ಮೊದಲು ಆಕ್ಷೇಪಿಸಿದರು. ನಮ್ಮ ತಪ್ಪನ್ನೂ ಮುಚ್ಚಿಡದೆ ಬರೆಯುವೆವೆಂದು ಒಪ್ಪಿಕೊಂಡ ಮೇಲೆ ಅಪ್ಪಣೆ ದೊರೆಯಿತು.

ಅಜ್ಜಿಯ ಕೈಗೆ ಮಗು ಬರುವ ಕಾಲವನ್ನು ವಾಚಕರು ಮೊದಲು ಗಮನಿಸಬೇಕು. 2017ರಲ್ಲಿ ಹೆರಿಗೆ ಸೌಲಭ್ಯದ ಕಾನೂನಿಗೆ ತಿದ್ದುಪಡಿಯಾಗಿ, ಅದುವರೆಗೆ 12 ವಾರವಿದ್ದ ಸಂಬಳಸಹಿತ ರಜೆಯು ಮೊದಲೆರಡು ಮಕ್ಕಳಿಗೆ 26 ವಾರವಾಯಿತು. ಇಪ್ಪತ್ತಾರು ವಾರವೆಂದರೆ ಆರು ತಿಂಗಳು. ಎದೆಹಾಲೊಂದೇ ಸಾಲದೆ ಮಗುವಿಗೆ ಅನ್ನವನ್ನು ಮೊದಲುಮಾಡಬೇಕಾದುದೂ ಆರನೆಯ ತಿಂಗಳು ತುಂಬಿದಾಗಲೇ. ಇಂದಿನ ವೈದ್ಯರ ಮತ ಇದು. ಆಶ್ವಲಾಯನ ಗೃಹ್ಯಸೂತ್ರವೂ ಅನ್ನಪ್ರಾಶನಕ್ಕೆ ಆರನೆಯ ತಿಂಗಳನ್ನೇ ವಿಧಿಸಿದೆ. ಹೀಗಾಗಿ ಹಾಲು ಕುಡಿಸಿದ ತಾಯಿಯು ಕಚೇರಿಗೆ ಹೊರಡುವ ದಿನವೂ, ಮಗು ಮೊದಲ ತುತ್ತನ್ನು ಸವಿಯುವ ದಿನವೂ ಹೆಚ್ಚುಕಡಮೆ ಒಂದೇ ಆಗಿಬಿಡುವುವು. ಉಣ್ಣಿಸುವ ವಿದ್ಯೆಯನ್ನು ತಾಯಿ ಕಲಿಯುವುದಕ್ಕೆ ಮುಂಚೆಯೇ ಆ ಕೆಲಸವು ಅಜ್ಜಿಯ ಪಾಲಿಗೆ ಬರುವುದು. ಏನನ್ನು ಕೊಡಬೇಕು, ಎಷ್ಟನ್ನು ಕೊಡಬೇಕು, ಬೇಡವೆಂದರೆ ಏನು ಮಾಡಬೇಕು ಎಂಬುದನ್ನು ಆಗ ಯಾರೂ ಯಾರೊಡನೆಯೂ ಕುಳಿತು ಮಾತನಾಡುವುದಿಲ್ಲ. ನಾವೂ ಆಡಲಿಲ್ಲ. “ಅತ್ತೆ ಇದ್ದಾರಲ್ಲ” ಎಂದು ಸೊಸೆ ನಿಶ್ಚಿಂತಳಾದಳು. “ನಾಲ್ಕು ಮಕ್ಕಳನ್ನು ಸಾಕಿದ ಕೈ” ಎಂದು ಅಜ್ಜಿ ಧೈರ್ಯದಿಂದಿದ್ದರು.

ಮೊದಲ ಆರು ತಿಂಗಳು ಎಲ್ಲವೂ ಸುಸೂತ್ರವಾಗಿಯೇ ನಡೆಯಿತು. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಬೀಸಿ ಜರಡಿ ಹಿಡಿದ ಸರಿ, ಮೆತ್ತಗೆ ಕಿವುಚಿದ ಅನ್ನ ತೊವ್ವೆ, ಮೇಲೆ ಒಂದು ತೊಟ್ಟು ತುಪ್ಪ. ಮಗು ಬಾಯಿ ಚಪ್ಪರಿಸಿ ತಿನ್ನುತ್ತಿದ್ದಿತು. ಅದಕ್ಕೂ ಹಿಂದೆ, ಹುಟ್ಟಿದ ವಾರದಲ್ಲಿಯೇ, ನಾಲಗೆಗೆ ಜೇನು ಸವರುವ ವಿಷಯದಲ್ಲಿ ಒಂದು ಸಣ್ಣ ಚರ್ಚೆಯಾಗಿದ್ದಿತು. ಜೇನಿನಲ್ಲಿ ಇರಬಹುದಾದ ಒಂದು ಜಾತಿಯ ಸೂಕ್ಷ್ಮಜೀವಿಯು ವರ್ಷ ತುಂಬದ ಕೂಸಿನ ಕರುಳಿನಲ್ಲಿ ಬೆಳೆದು ವಿಷವನ್ನು ಉಂಟುಮಾಡಬಲ್ಲದೆಂದು ವೈದ್ಯರು ತಿಳಿಸಿದ ಮೇಲೆ ಅಜ್ಜಿ ಮರುಮಾತಿಲ್ಲದೆ ಆ ಪದ್ಧತಿಯನ್ನು ಬಿಟ್ಟರು. ಕಾರಣವನ್ನು ಹೇಳಿದರೆ ಹಿರಿಯರು ಕೇಳುವುದಿಲ್ಲವೆಂಬ ಮಾತು ಪೂರ್ತಿ ನಿಜವಲ್ಲವೆಂಬುದಕ್ಕಾಗಿ ಇದನ್ನು ಇಲ್ಲಿ ಹೇಳಿದೆವು.

ತೊಂದರೆ ಮೊದಲಾದುದು ವರ್ಷ ತುಂಬಿದ ಮೇಲೆ. ಬಟ್ಟಲು ತುಂಬ ತಿನ್ನುತ್ತಿದ್ದ ಮಗು ನಾಲ್ಕು ತುತ್ತಿಗೆ ಮುಖ ತಿರುಗಿಸಲಾರಂಭಿಸಿತು. ಐದನೆಯದನ್ನು ಬಾಯಿಗಿಟ್ಟರೆ ಉಗುಳುವುದು. ಇಲ್ಲವೆ ಎದ್ದು ಓಡುವುದು. ಅಜ್ಜಿಗೆ ದಿಗಿಲು. “ಮಗು ಇಳಿದುಹೋಗಿದೆ, ಏನೂ ತಿನ್ನುವುದಿಲ್ಲ” ಎಂದು ದಿನವೂ ಸಂಜೆ ಸೊಸೆಗೆ ವರದಿ. ದೃಷ್ಟಿ ತೆಗೆದದ್ದಾಯಿತು, ಜಂತುಹುಳುವಿಗೆ ಔಷಧ ಹಾಕಿಸಿದ್ದಾಯಿತು. ಸೊಸೆಯೂ ಸುಮ್ಮನಿರಲಿಲ್ಲ, ಅಂಗಡಿಯಿಂದ ಹಾಲಿಗೆ ಬೆರಸುವ ಸಿಹಿಪುಡಿಯ ಡಬ್ಬಿಯೊಂದನ್ನು ತಂದಳು. ಊಟಕ್ಕೆ ಬದಲು ಹಾಲಾದರೂ ಹೋಗಲಿ ಎಂಬುದು ಎಲ್ಲರ ಎಣಿಕೆ.

ಮೊಬೈಲನ್ನು ಮೊದಲು ಮುಂದಿಟ್ಟವರು ಅಜ್ಜಿಯಲ್ಲ, ನಾವು. ಒಂದು ದಿನ ಮಗು ಕಾಗೆಯನ್ನು ಕೇಳಿತು. ಹೊರಗೆ ಮಳೆ, ಕಾಗೆಯಿಲ್ಲ. ಮೊಬೈಲಿನಲ್ಲಿ ಕಾಗೆಯ ಚಿತ್ರವನ್ನು ಹುಡುಕಿ ತೋರಿಸಿದೆವು. ಅದನ್ನು ನೋಡುತ್ತ ಮಗು ಒಂದು ಬಟ್ಟಲು ಮೊಸರನ್ನವನ್ನು ತಿಂದು ಮುಗಿಸಿತು. ಅಜ್ಜಿಯ ಮುಖದಲ್ಲಿ ಅಂದು ಕಂಡ ಸಮಾಧಾನವನ್ನು ನಾವು ಇನ್ನೂ ಮರೆತಿಲ್ಲ. ಮರುದಿನವೂ ಅದೇ ಆಯಿತು. ಒಂದು ವಾರದಲ್ಲಿ ಕಾಗೆ ಹೋಗಿ ಹಾಡುವ ಬಸ್ಸು ಬಂದಿತು. ಒಂದು ತಿಂಗಳಲ್ಲಿ ಮೊಬೈಲಿಲ್ಲದೆ ಬಾಯಿ ತೆರೆಯುವ ಪ್ರಸಕ್ತಿಯೇ ಇಲ್ಲವಾಯಿತು.

ಹಿಂದಿನ ಕಾಲದ ಅಜ್ಜಿಯರೂ ಚಂದಮಾಮನನ್ನು ತೋರಿಸಿ, ಕಾಗೆ ಗುಬ್ಬಿಯ ಕಥೆ ಹೇಳಿ ಉಣ್ಣಿಸುತ್ತಿರಲಿಲ್ಲವೆ, ಇದಕ್ಕೂ ಅದಕ್ಕೂ ಭೇದವೇನು ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಅದೂ ಗಮನವನ್ನು ಬೇರೆಡೆಗೆ ಸೆಳೆದು ತುತ್ತನ್ನು ಇಡುವ ಉಪಾಯವೇ ಆಗಿದ್ದಿತು. ಹಿಂದಿನದೆಲ್ಲವೂ ನಿರ್ದೋಷವೆಂದು ನಾವು ಹೇಳಲಾರೆವು. ಆದರೆ ಕಾಗೆ ಹಾರಿಹೋಗುವುದು, ಚಂದ್ರನು ಮೋಡದಲ್ಲಿ ಮರೆಯಾಗುವನು, ಅಜ್ಜಿಗೆ ಕಥೆ ಹೇಳಿ ಸಾಕಾಗುವುದು. ಆಗ ಮಗುವಿನ ಕಣ್ಣು ಮತ್ತೆ ಬಟ್ಟಲಿಗೂ ಅಜ್ಜಿಯ ಮುಖಕ್ಕೂ ಬರುವುದು. ಅಜ್ಜಿ ಮಾತನಾಡಿಸಿದುದಕ್ಕೆ ಮಗು ತೊದಲಿ ಉತ್ತರ ಕೊಡುವುದು. ಮೊಬೈಲಿನ ಬಸ್ಸಿಗೆ ದಣಿವಿಲ್ಲ, ಅದು ಉತ್ತರವನ್ನು ಕಾಯುವುದೂ ಇಲ್ಲ.

ಹೀಗೆ ಒಂದು ವರ್ಷ ಕಳೆಯಿತು. ಮಗುವಿಗೆ ಎರಡು ವರ್ಷ ಮೂರು ತಿಂಗಳಾಗಿದ್ದಿತು. ಸೊಸೆಗೆ ಮೂರು ದಿನ ಒಟ್ಟಿಗೆ ರಜೆ ಬಂದಿತು. ಮೊದಲ ದಿನ ಮಧ್ಯಾಹ್ನ ಅವಳೇ ಉಣ್ಣಿಸಲು ಕುಳಿತು ಮೊಬೈಲನ್ನು ಎತ್ತಿಟ್ಟಳು. ಮಗು ಕಿರುಚಿತು, ಬಟ್ಟಲನ್ನು ನೂಕಿತು, ಕೊನೆಗೆ ನೆಲಕ್ಕೆ ತಲೆಯನ್ನು ಚಚ್ಚಿಕೊಂಡಿತು. ಒಳಗಿಂದ ಓಡಿಬಂದ ಅಜ್ಜಿ ಮಗುವನ್ನು ಎತ್ತಿಕೊಂಡು, “ನನ್ನ ಕಂದ, ಅಮ್ಮ ಬೈದಳೇನೋ” ಎಂದು ಮೊಬೈಲನ್ನು ಕೈಗೆ ಕೊಟ್ಟರು. ಅಳು ನಿಂತಿತು. ಸೊಸೆಯ ಮುಖ ಕೆಂಪಾಯಿತು.

“ಅತ್ತೆ, ನಾನು ಬೇಡ ಅಂದದ್ದನ್ನೇ ನನ್ನ ಎದುರಿಗೇ ಕೊಟ್ಟರೆ ನಾಳೆ ಅವನು ನನ್ನ ಮಾತು ಕೇಳುತ್ತಾನೆಯೆ?”

“ಹಾಗಾದರೆ ನೀನೇ ತಿನ್ನಿಸಮ್ಮ. ಮೂರು ದಿನ ಏಕೆ, ಮೂವತ್ತು ದಿನ ತಿನ್ನಿಸು. ನಾನು ಬೇಡ ಎನ್ನುವುದಿಲ್ಲ.”

ಇಷ್ಟೇ ಮಾತು. ಆದರೆ ಅನಂತರ ಎಂಟು ದಿನ ಅಡಿಗೆಮನೆಯಲ್ಲಿ ಪಾತ್ರೆಗಳ ಸದ್ದು ಮಾತ್ರ ಕೇಳಿಸುತ್ತಿದ್ದಿತು. ಮಗುವನ್ನು ಇನ್ನು ಮುಂದೆ ಶಿಶುವಿಹಾರದಲ್ಲಿ ಬಿಡುವೆವೆಂದು ಮಗನು ಒಂದು ರಾತ್ರಿ ನಮ್ಮೊಡನೆ ಮೆಲ್ಲಗೆ ಹೇಳಿದನು. ಅದನ್ನು ಕೇಳಿದ ಅಜ್ಜಿ ಆ ರಾತ್ರಿ ಊಟ ಮಾಡಲಿಲ್ಲ. ಇಷ್ಟು ದಿನ ಮಾಡಿದುದೆಲ್ಲ ತಪ್ಪೆಂದು ತೀರ್ಪಾಯಿತೆಂಬ ದುಃಖ ಒಂದು ಕಡೆ. ಮಗುವನ್ನು ಬಿಟ್ಟು ಹಗಲೆಲ್ಲ ಹೇಗಿರುವುದೆಂಬ ಭಯ ಇನ್ನೊಂದು ಕಡೆ.

ಶಿಶುವಿಹಾರಕ್ಕೆ ಸೇರಿಸುವ ಮುಂಚೆ ಮಗುವನ್ನು ಒಮ್ಮೆ ಪರೀಕ್ಷೆ ಮಾಡಿಸೋಣವೆಂದು ಮಕ್ಕಳ ವೈದ್ಯರ ಬಳಿಗೆ ಎಲ್ಲರೂ ಹೋದೆವು. ಮಗು ಏನೂ ತಿನ್ನುವುದಿಲ್ಲವೆಂದು ಅಜ್ಜಿಯೂ, ಮೊಬೈಲಿಲ್ಲದೆ ತಿನ್ನುವುದಿಲ್ಲವೆಂದು ಸೊಸೆಯೂ ದೂರು ಹೇಳಿದರು. ವೈದ್ಯರು ಎರಡನ್ನೂ ಕೇಳಿ, ತಾಯಿ ಕಾರ್ಡನ್ನು ತೆಗೆಯಹೇಳಿದರು. ಲಸಿಕೆಯ ದಿನಾಂಕಗಳಿಗಾಗಿ ಮಾತ್ರ ನಾವು ಅದುವರೆಗೆ ತೆರೆಯುತ್ತಿದ್ದ ಆ ಪುಸ್ತಕದಲ್ಲಿ ಮಗುವಿನ ತೂಕವನ್ನು ವಯಸ್ಸಿಗೆ ಸರಿಯಾಗಿ ಗುರುತುಮಾಡುವ ರೇಖಾಪಟವಿರುವುದು. ಗಂಡುಮಗುವಿಗೆ ಒಂದು, ಹೆಣ್ಣುಮಗುವಿಗೆ ಒಂದು. ಹಸಿರು ಪಟ್ಟಿಯೊಳಗಿದ್ದರೆ ಕ್ಷೇಮ. ಹಳದಿಗೆ ಇಳಿದರೆ ಎಚ್ಚರಿಕೆ. ಕಿತ್ತಳೆಗೆ ಇಳಿದರೆ ಅಪಾಯ. ವೈದ್ಯರು ನಮ್ಮ ಮಗುವಿನ ತೂಕಗಳನ್ನು ಅದರಲ್ಲಿ ಚುಕ್ಕೆಯಿಟ್ಟು ಸೇರಿಸಿದರು. ಹುಟ್ಟಿದಾಗ 2.8 ಕಿಲೋ, ವರ್ಷಕ್ಕೆ 8.8, ಎರಡು ವರ್ಷಕ್ಕೆ 11, ಅಂದು 11.5. ಚುಕ್ಕೆಗಳನ್ನು ಸೇರಿಸಿದ ಗೆರೆಯು ಹಸಿರು ಪಟ್ಟಿಯಲ್ಲಿ, ನಡುಗೆರೆಗಿಂತ ಸ್ವಲ್ಪ ಕೆಳಗೆ, ಅದಕ್ಕೆ ಸರಿಸಮನಾಗಿ ಸಾಗಿದ್ದಿತು.

“ಅಮ್ಮ, ಈ ಲೆಕ್ಕವನ್ನು ನೋಡಿ” ಎಂದರು ವೈದ್ಯರು ಅಜ್ಜಿಯ ಕಡೆಗೆ ತಿರುಗಿ. “ಮೊದಲನೆಯ ವರ್ಷದಲ್ಲಿ ಮಗು ಆರು ಕಿಲೋ ಬೆಳೆದಿದೆ. ಎರಡನೆಯ ವರ್ಷದಲ್ಲಿ ಎರಡು ಕಿಲೋ ಚಿಲ್ಲರೆ. ಎಲ್ಲ ಮಕ್ಕಳೂ ಹೀಗೆಯೇ. ಬೆಳವಣಿಗೆ ನಿಧಾನವಾದ ಮೇಲೆ ಹಸಿವೂ ಇಳಿಯಲೇಬೇಕಲ್ಲ?”

ಈ ಒಂದು ಮಾತಿನಿಂದ ನಮ್ಮ ಮನೆಯ ಕತ್ತಲೆ ಅರ್ಧ ಹರಿಯಿತೆಂದರೆ ತಪ್ಪಲ್ಲ. ವರ್ಷ ತುಂಬಿದ ಮೇಲೆ ಮಗು ನಾಲ್ಕು ತುತ್ತಿಗೆ ಮುಖ ತಿರುಗಿಸಿದುದು ರೋಗದಿಂದಲ್ಲ, ಹಟದಿಂದಲೂ ಅಲ್ಲ, ಸಾಕಾಗಿದ್ದುದರಿಂದ. ಹತ್ತು ತಿಂಗಳಿನ ಹಸಿವನ್ನು ಮನಸ್ಸಿನಲ್ಲಿಟ್ಟುಕೊಂಡು ಇಪ್ಪತ್ತು ತಿಂಗಳಿನ ಮಗುವಿನ ಬಟ್ಟಲನ್ನು ಅಳೆದೆವು. ಆ ಅಳತೆಯನ್ನು ತುಂಬಿಸುವುದಕ್ಕಾಗಿ ಮೊಬೈಲು ಬಂದಿತು. ಅತ್ತೆ ಸೊಸೆಯರ ಜಗಳವು ಮೊಬೈಲಿನ ವಿಷಯವೆಂದು ಎಂಟು ದಿನ ಎಲ್ಲರೂ ತಿಳಿದಿದ್ದೆವು. ಅದು ವಾಸ್ತವವಾಗಿ ಬಟ್ಟಲಿನ ವಿಷಯವಾಗಿದ್ದಿತು.

ಹಾಗಾದರೆ ಮಗು ನಿಜವಾಗಿಯೂ ಸಾಲದಷ್ಟು ತಿನ್ನುತ್ತಿದೆಯೆಂಬುದನ್ನು ತಿಳಿಯುವುದು ಹೇಗೆ? ನಾವು ಇದನ್ನೇ ಕೇಳಿದೆವು. ಒಂದು ದಿನದ ಬಟ್ಟಲನ್ನು ನೋಡಿ ತಿಳಿಯುವಂತಿಲ್ಲ. ಎಷ್ಟೋ ಮಕ್ಕಳು ಒಂದು ದಿನ ಚೆನ್ನಾಗಿ ತಿಂದು ಮರುದಿನ ಮುಟ್ಟದಿರುವುದುಂಟು. ಎರಡು ಮೂರು ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ ತೂಗಿಸಿ ಚುಕ್ಕೆಯಿಡಬೇಕು. ಗೆರೆಯು ಮೇಲಕ್ಕೆ ಸಾಗುತ್ತಿದ್ದರೆ, ಮಗು ಆಡಿ ಓಡಿ ನಿದ್ದೆಮಾಡುತ್ತಿದ್ದರೆ ಚಿಂತೆಯಿಲ್ಲ. ಗೆರೆಯು ಮಟ್ಟಸವಾಗಿ ಮಲಗಿದರೆ, ಮೇಲಿನ ಪಟ್ಟಿಯಿಂದ ಕೆಳಗಿನ ಪಟ್ಟಿಗೆ ಇಳಿದರೆ, ಮಗುವಿನ ಕಣ್ಣಿನ ಒಳರೆಪ್ಪೆ ಅಂಗೈ ಬಿಳಿಚಿದರೆ, ಆಟ ಬಿಟ್ಟು ಮಂಕಾಗಿ ಕುಳಿತರೆ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ಪಕ್ಕದ ಮನೆಯ ಮಗು ದಪ್ಪಗಿರುವುದು ಇದಕ್ಕೆ ಪ್ರಮಾಣವಲ್ಲ. ಹೀಗೆ ನಾವು ಬರೆಯುವುದು ಸುಲಭ. ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಆಚೆಯಿಂದ “ಏನ್ರೀ, ಮಗು ಹೀಗಾಗಿದೆ” ಎಂದಾಗ ಸಹಿಸುವುದು ಕಷ್ಟ.

ವೈದ್ಯರು ಇನ್ನೊಂದು ಕೆಲಸವನ್ನು ಒಪ್ಪಿಸಿದರು. ಮೂರು ದಿನ ಮಗುವಿನ ಬಾಯೊಳಗೆ ಹೋದುದೆಲ್ಲವನ್ನೂ, ಒಂದು ಬಿಸ್ಕತ್ತನ್ನೂ ಬಿಡದೆ, ಬರೆದಿಡಬೇಕು. ಲೆಕ್ಕ ಬರೆಯುವುದು ಮೇಷ್ಟರ ಕೆಲಸವಾದುದರಿಂದ ಅದು ನಮ್ಮ ಪಾಲಿಗೆ ಬಂದಿತು. ಒಂದು ದಿನದ ಪುಟ ಹೀಗಿದ್ದಿತು. ಬೆಳಿಗ್ಗೆ ಆರೂವರೆಗೆ ಹಾಲು 200 ಮಿಲಿಲೀಟರು; ಹನ್ನೊಂದಕ್ಕೆ 150; ಸಂಜೆ ನಾಲ್ಕಕ್ಕೆ 200; ಮಲಗುವ ಮುನ್ನ 200. ಪ್ರತಿಯೊಂದಕ್ಕೂ ಒಂದು ಚಮಚ ಸಕ್ಕರೆ. ಹಾಲಿನೊಡನೆ ಎರಡೆರಡರಂತೆ ಎಂಟು ಸಣ್ಣ ಬಿಸ್ಕತ್ತು. ತಾತನು ಬೀದಿಯಿಂದ ತಂದ ಒಂದು ಚಿಕ್ಕ ಬಾಳೆಯಹಣ್ಣು. ಇವಲ್ಲದೆ ಬೆಳಿಗ್ಗೆ ಒಂದು ಇಡ್ಲಿ, ಮಧ್ಯಾಹ್ನ ಅರ್ಧ ಬಟ್ಟಲು ಅನ್ನ ಸಾರು, ರಾತ್ರಿ ನಾಲ್ಕು ತುತ್ತು. “ಏನೂ ತಿನ್ನಲಿಲ್ಲ” ಎಂದು ಅಜ್ಜಿ ಆ ದಿನ ಹೇಳಿದುದು ಈ ಕೊನೆಯ ಮೂರನ್ನು ಮಾತ್ರ ನೋಡಿ.

ಈಗ ಕೂಡಿಸಿ ನೋಡೋಣ. ಪ್ಯಾಕೆಟ್ಟಿನ ಸಾಮಾನ್ಯ ಹಾಲು 100 ಮಿಲಿಲೀಟರಿಗೆ ಸುಮಾರು 60 ಕ್ಯಾಲೊರಿ ಶಕ್ತಿಯನ್ನು ಕೊಡುವುದು. 750 ಮಿಲಿಲೀಟರಿಗೆ 450 ಆಯಿತು. ಸಕ್ಕರೆ ನಾಲ್ಕು ಚಮಚಕ್ಕೆ 80. ಬಿಸ್ಕತ್ತು ಒಂದಕ್ಕೆ 20ರಂತೆ 160. ಬಾಳೆಯಹಣ್ಣು 60. ಒಟ್ಟು 750. ಈ ವಯಸ್ಸಿನ ಮಗುವಿಗೆ ದಿನಕ್ಕೆ ಬೇಕಾದುದು ಸುಮಾರು 1000. ಎಂದರೆ, ಊಟವೆಂದು ಅಜ್ಜಿ ಎಣಿಸುವ ವಸ್ತು ಒಂದು ತುತ್ತೂ ಒಳಗೆ ಹೋಗುವ ಮುಂಚೆ ಮಗುವಿನ ಹೊಟ್ಟೆಯ ಮುಕ್ಕಾಲುಪಾಲು ತುಂಬಿದ್ದಿತು. ಉಳಿದ ಕಾಲುಪಾಲಿಗೆ ಒಂದು ಇಡ್ಲಿ, ಅರ್ಧ ಬಟ್ಟಲು ಅನ್ನ, ನಾಲ್ಕು ತುತ್ತು ಸರಿಹೋಯಿತು. ಮಗುವಿನ ಲೆಕ್ಕ ನಮ್ಮ ಲೆಕ್ಕಕ್ಕಿಂತ ಕರಾರುವಾಕ್ಕಾಗಿದ್ದಿತು!

ಇದರಲ್ಲಿ ಇನ್ನೊಂದು ಕೇಡೂ ಅಡಗಿದ್ದಿತು. ಹಾಲು ಉತ್ತಮವಾದ ಆಹಾರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದರಲ್ಲಿ ಕಬ್ಬಿಣದ ಅಂಶ ಬಹು ಸ್ವಲ್ಪ. ಹಾಲಿನಿಂದಲೇ ಹೊಟ್ಟೆ ತುಂಬಿಸಿಕೊಂಡ ಮಗು ಬೇಳೆ, ಸೊಪ್ಪು, ರಾಗಿಗಳನ್ನು ತಿನ್ನದೆ ರಕ್ತಹೀನವಾಗುವುದುಂಟು. ತೂಕ ಮಾತ್ರ ಸರಿಯಾಗಿಯೇ ಕಾಣುವುದರಿಂದ ಇದು ಬೇಗ ತಿಳಿಯುವುದಿಲ್ಲ. ನಮ್ಮ ಮಗುವಿನ ರಕ್ತವನ್ನು ಪರೀಕ್ಷಿಸಿದಾಗ ಸ್ವಲ್ಪ ಕೊರತೆ ಕಂಡುಬಂದು, ವೈದ್ಯರು ಕಬ್ಬಿಣದ ಔಷಧವನ್ನು ಬರೆದುಕೊಟ್ಟರು. ಹಾಲು ದಿನಕ್ಕೆ ಅರ್ಧ ಲೀಟರನ್ನು ಮೀರಬಾರದೆಂದರು. ಸಿಹಿಪುಡಿಯ ಡಬ್ಬಿ ಬೇಡವೆಂದರು. ಡಬ್ಬಿಯನ್ನು ತಂದವಳು ಸೊಸೆ, ಬಿಸ್ಕತ್ತನ್ನು ಕೊಟ್ಟವರು ಅಜ್ಜಿ, ಹಣ್ಣನ್ನೂ ಮೊಬೈಲನ್ನೂ ತಂದವರು ನಾವು. ಮನೆಗೆ ಹಿಂದಿರುಗುವಾಗ ಆಟೋದಲ್ಲಿ ಯಾರೂ ಯಾರನ್ನೂ ದೂರಲಿಲ್ಲ.

ಮೊಬೈಲನ್ನು ನೋಡುತ್ತ ತಿಂದರೆ ಏನಾಯಿತು, ಹೊಟ್ಟೆಗೆ ಹೋದರೆ ಸಾಲದೆ ಎಂಬ ಮಾತು ಉಳಿಯಿತು. ಸಾಕೆಂಬ ಸೂಚನೆಯನ್ನು ಹೊಟ್ಟೆಯು ಕೊಡುವುದು. ಅದನ್ನು ಮನಸ್ಸು ಗಮನಿಸಬೇಕು. ಮನಸ್ಸು ಪರದೆಯಲ್ಲಿ ಮುಳುಗಿದ್ದರೆ ಸೂಚನೆ ತಲುಪುವುದಿಲ್ಲ. ಹೀಗೆ ಬೆಳೆದ ಮಗು ಹಸಿವೆಯೆಂದರೇನು, ತೃಪ್ತಿಯೆಂದರೇನು ಎಂಬುದನ್ನೇ ಕಲಿಯುವುದಿಲ್ಲ. ಅಗಿಯದೆ ನುಂಗುವುದರಿಂದ ಗಂಟಲಿಗೆ ಸಿಕ್ಕುವ ಭಯವೂ ಉಂಟು. ನಮ್ಮ ಮಗು ಮತ್ತೊಂದು ವಿದ್ಯೆಯನ್ನೂ ಕಲಿತಿದ್ದಿತು: ತುತ್ತನ್ನು ಕೆನ್ನೆಯೊಳಗೆ ಸೇರಿಸಿಟ್ಟುಕೊಂಡು ಹಾಡು ಮುಗಿಯುವವರೆಗೆ ಕುಳಿತಿರುವುದು. ಅಜ್ಜಿ ಇದನ್ನು ನಿಧಾನವಾಗಿ ತಿನ್ನುವ ಸ್ವಭಾವವೆಂದು ತಿಳಿದಿದ್ದರು. ಒಂದು ಊಟಕ್ಕೆ ಮುಕ್ಕಾಲು ಗಂಟೆ, ದಿನಕ್ಕೆ ಮೂರು ಊಟ. ಪರದೆಯ ಮುಂದೆ ಎರಡೂಕಾಲು ಗಂಟೆ ಅಲ್ಲಿಗೇ ಆಯಿತು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಸೂಚನೆಯಂತೆ ಎರಡು ವರ್ಷದಿಂದ ನಾಲ್ಕರವರೆಗೆ ಪರದೆಯ ಕಾಲ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು; ಕಡಮೆಯಾದಷ್ಟೂ ಒಳ್ಳೆಯದು. ಎರಡರೊಳಗಿನ ಮಕ್ಕಳಿಗೆ ಅದು ಬೇಡವೇ ಬೇಡವೆಂದು ನಮ್ಮ ದೇಶದ ಮಕ್ಕಳ ವೈದ್ಯರ ಸಂಘವೂ ಹೇಳಿರುವುದು; ದೂರದಲ್ಲಿರುವ ಬಂಧುಗಳ ಮುಖವನ್ನು ಅಪರೂಪಕ್ಕೆ ತೋರಿಸಿ ಮಾತನಾಡಿಸುವುದಕ್ಕೆ ಮಾತ್ರ ವಿನಾಯಿತಿ.

ಇನ್ನು ನಾವು ಮಾಡಿದ ಕ್ರಮವನ್ನು ಹೇಳುವೆವು. ಮೊದಲು ಮೊಬೈಲನ್ನು ಮುಟ್ಟಲಿಲ್ಲ. ಹಸಿವೆಯನ್ನು ಹಿಂದಕ್ಕೆ ತರಿಸದೆ ಮೊಬೈಲನ್ನು ಕಿತ್ತುಕೊಂಡರೆ ಮಗುವಿಗೆ ಚಿತ್ರವೂ ಇಲ್ಲ, ಹಸಿವೂ ಇಲ್ಲ, ತಿನ್ನುವುದು ಹೇಗೆ? ಒಂದು ವಾರ ಹಾಲನ್ನು ಮಾತ್ರ ಇಳಿಸಿದೆವು. ಹನ್ನೊಂದರ ಹಾಲು ನಿಂತಿತು. ಮಲಗುವಾಗಿನ ಹಾಲು ನಿಂತಿತು. ಉಳಿದೆರಡು ಸಕ್ಕರೆಯಿಲ್ಲದೆ ಲೋಟದಲ್ಲಿ. ಬಿಸ್ಕತ್ತಿನ ಡಬ್ಬಿಯನ್ನು ಮಗನ ಕಚೇರಿಗೆ ಕಳಿಸಿದೆವು. ಊಟಕ್ಕೂ ತಿಂಡಿಗೂ ನಡುವೆ ಎರಡು ಮೂರು ಗಂಟೆ ನೀರಲ್ಲದೆ ಏನೂ ಇಲ್ಲ. ಎಂಟನೆಯ ದಿನದಿಂದ ಮೊಬೈಲು ಊಟದ ಹೊತ್ತಿನಲ್ಲಿ ನಮ್ಮ ಬೀರುವಿನೊಳಗೆ ಸೇರಿತು; ನಮ್ಮದೂ ಸಹ, ಏಕೆಂದರೆ ತಾತನು ಊಟ ಮಾಡುತ್ತ ವಾರ್ತೆ ನೋಡುವುದನ್ನು ಮಗು ನೋಡುತ್ತಿದ್ದಿತು. ಮಗುವನ್ನು ನಮ್ಮೊಡನೆ ಪಂಕ್ತಿಯಲ್ಲಿ ಕೂರಿಸಿ, ತಟ್ಟೆಯಲ್ಲಿ ಮೂರೇ ತುತ್ತಿನಷ್ಟು ಬಡಿಸಿ, ಬೇಕೆಂದರೆ ಮತ್ತೆ ಬಡಿಸುವುದು. ಇಪ್ಪತ್ತು ಇಪ್ಪತ್ತೈದು ನಿಮಿಷವಾದ ಮೇಲೆ ತಿಂದಿದ್ದರೂ ಸರಿ, ಬಿಟ್ಟಿದ್ದರೂ ಸರಿ, ಬೈಯದೆ ಬೇಡದೆ ತಟ್ಟೆಯನ್ನು ಎತ್ತಿಬಿಡುವುದು.

ಮೊದಲ ದಿನ ಮಗು ಇಪ್ಪತ್ತೈದು ನಿಮಿಷ ಅತ್ತಿತು. ಎರಡನೆಯ ದಿನ ನಲವತ್ತು. ಮೂರನೆಯ ದಿನ ಅತ್ತು ಅತ್ತು ಒಂದಿಷ್ಟು ವಾಂತಿ ಮಾಡಿಕೊಂಡಿತು. ಅಳು ಇಳಿಯುವ ಮುನ್ನ ಏರುವುದೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರು: ಇಷ್ಟು ದಿನ ಅತ್ತರೆ ದೊರೆಯುತ್ತಿದ್ದುದು ಈಗ ದೊರೆಯದಿದ್ದರೆ, ಇನ್ನೂ ಗಟ್ಟಿಯಾಗಿ ಅತ್ತು ನೋಡೋಣವೆಂದು ಮಗು ಯತ್ನಿಸುವುದು ಸಹಜ. ಅಜ್ಜಿ ಕಣ್ಣೊರಸಿಕೊಂಡು ಅಡಿಗೆಮನೆಯಲ್ಲಿ ನಿಂತರೇ ಹೊರತು ಸೋಲಲಿಲ್ಲ. ಸೋತವರು ನಾವು. ನಾಲ್ಕನೆಯ ದಿನ ಅಜ್ಜಿ ದೇವಸ್ಥಾನಕ್ಕೆ ಹೋಗಿದ್ದಾಗ, ಅಳುವನ್ನು ತಾಳಲಾರದೆ ಬೀರುವನ್ನು ತೆಗೆದು ಮೊಬೈಲನ್ನು ಕೊಟ್ಟೆವು. ಅದರ ಫಲ ಐದನೆಯ ಆರನೆಯ ದಿನಗಳಲ್ಲಿ ತಿಳಿಯಿತು: ಮಗು ಬೀರುವಿನ ಮುಂದೆಯೇ ಕುಳಿತು ಒಂದು ಗಂಟೆ ಅತ್ತಿತು. ಹತ್ತು ಸಲ ಇಲ್ಲವೆಂದು ಹನ್ನೊಂದನೆಯ ಸಲ ಹೂಂ ಎನ್ನುವ ಮೇಷ್ಟರನ್ನು ಹುಡುಗರು ಎಷ್ಟು ಕಾಡುವರೆಂಬುದು ಮೂವತ್ತು ವರ್ಷ ಪಾಠ ಹೇಳಿದ ನಮಗೆ ತಿಳಿಯದ ವಿಷಯವಲ್ಲ. ಆದರೂ ಹಾಗೆ ಮಾಡಿದೆವು. ಯಾವಾಗಲೂ ಕೊಡುವವರಿಗಿಂತ ಆಗೊಮ್ಮೆ ಈಗೊಮ್ಮೆ ಕೊಡುವವರೇ ಅಳುವನ್ನು ಹೆಚ್ಚು ಗಟ್ಟಿಮಾಡುವರು. ಸಂಜೆ ಸೊಸೆಗೆ ವಿಷಯವನ್ನು ನಾವೇ ಹೇಳಿದೆವು. ಅವಳು ಅತ್ತೆಯ ಮುಖವನ್ನು ನೋಡಿದಳು, ಇಬ್ಬರೂ ನಕ್ಕರು. ಆ ಮನೆಯಲ್ಲಿ ಅವರಿಬ್ಬರೂ ಕೂಡಿ ನಕ್ಕದ್ದು ಮೂರು ವಾರದಲ್ಲಿ ಅದೇ ಮೊದಲು. ಹನ್ನೊಂದನೆಯ ದಿನ ಮಗು ಅಳದೆ ಒಂದು ದೋಸೆಯನ್ನು ತನ್ನ ಕೈಯಿಂದಲೇ ಹರಿದು ತಿಂದಿತು. ಅರ್ಧ ನೆಲಕ್ಕೆ, ಅರ್ಧ ಬಾಯಿಗೆ.

ಶಿಸ್ತಿನ ವಿಷಯದಲ್ಲಿ ಯಾರ ಮಾತು ನಡೆಯಬೇಕೆಂಬುದನ್ನೂ ಆ ದಿನಗಳಲ್ಲಿಯೇ ಗೊತ್ತುಮಾಡಿಕೊಂಡೆವು. ಅಮೇರಿಕದಲ್ಲಿ ಮಕ್ಕಳ ಆಹಾರದ ವಿಷಯವಾಗಿ ಬರೆದ ಎಲಿನ್ ಸ್ಯಾಟರ್ ಎಂಬ ವಿದುಷಿಯು ಒಂದು ವಿಭಾಗವನ್ನು ಹೇಳಿರುವರು: ಏನನ್ನು, ಯಾವಾಗ, ಎಲ್ಲಿ ಬಡಿಸಬೇಕೆಂಬುದು ದೊಡ್ಡವರ ಅಧಿಕಾರ, ತಿನ್ನಬೇಕೋ ಬೇಡವೋ, ಎಷ್ಟು ತಿನ್ನಬೇಕು ಎಂಬುದು ಮಗುವಿನ ಅಧಿಕಾರ. ಇದು ಅಜ್ಜಿಗೆ ಮೊದಲು ವಿಪರೀತವಾಗಿ ಕಂಡಿತು. ಎಷ್ಟು ಎಂಬುದನ್ನು ಬಿಟ್ಟುಕೊಟ್ಟ ಮೇಲೆ ಉಣ್ಣಿಸುವವರ ಕೆಲಸವೇನು ಉಳಿಯಿತೆಂದು ಅವರ ಪ್ರಶ್ನೆ. ಆದರೆ ದೊಡ್ಡವರ ಪಾಲನ್ನು ಅತ್ತೆ ಸೊಸೆಯರೇ ಹಂಚಿಕೊಂಡುದರಿಂದ ಮನಸ್ಸು ಸಮಾಧಾನವಾಯಿತು. ಹಗಲಿನ ಅಡಿಗೆ ಏನೆಂಬುದು ಪೂರ್ತಿ ಅಜ್ಜಿಯದು. ಸೊಸೆ ಬಾಯಿ ಹಾಕುವುದಿಲ್ಲ. ರಾಗಿಸರಿಯೂ ತುಪ್ಪವೂ ಹಿಂದಿನಂತೆಯೇ ನಡೆಯುವುವು. ಸಿಹಿತಿಂಡಿ ಹಬ್ಬದ ದಿನ ಮತ್ತು ಶನಿವಾರ. ಊಟದ ಹೊತ್ತಿನಲ್ಲಿ ಮೊಬೈಲು ಕೂಡದೆಂಬುದು ಸೊಸೆಯ ಮಾತು. ಅದನ್ನು ಅಜ್ಜಿ ಮೀರುವುದಿಲ್ಲ. ಒಬ್ಬರು ಬೇಡವೆಂದುದನ್ನು ಮಗುವಿನ ಎದುರಿಗೆ ಮತ್ತೊಬ್ಬರು ಕೊಡಬಾರದು. ಹೇಳಬೇಕಾದುದೇನಿದ್ದರೂ ಮಗು ಮಲಗಿದ ಮೇಲೆ. ಇದಕ್ಕೆ ಪ್ರತಿಯಾಗಿ ಸೊಸೆಯೂ ಒಂದನ್ನು ಕೊಟ್ಟಳು: ಸಂಜೆ ಬಂದೊಡನೆ “ಇವತ್ತು ಎಷ್ಟು ಹೊತ್ತು ಮೊಬೈಲು ನೋಡಿದ?” ಎಂದು ಕೇಳುವುದನ್ನು ಬಿಟ್ಟಳು. ಆ ಪ್ರಶ್ನೆ ಅಜ್ಜಿಗೆ ಎಷ್ಟು ಚುಚ್ಚುತ್ತಿದ್ದಿತೆಂಬುದು ಅವಳಿಗೆ ತಿಳಿದಿರಲಿಲ್ಲ. ಗುಮ್ಮನನ್ನು ಕರೆಯುವೆನೆಂದು ಹೆದರಿಸುವುದನ್ನು ಅಜ್ಜಿ ಇನ್ನೂ ಪೂರ್ತಿಯಾಗಿ ಬಿಟ್ಟಿಲ್ಲ. ಅದಕ್ಕೆ ಇನ್ನೂ ಸ್ವಲ್ಪ ಕಾಲ ಹಿಡಿಯಬಹುದು.

ಒಂದು ಸಂಗತಿಯನ್ನು ಮಕ್ಕಳ ತಂದೆತಾಯಿಗಳು ತಿಳಿಯಬೇಕು. ಊಟದ ಮೊಬೈಲು ತಪ್ಪಿದ ಮೇಲೂ ಹನ್ನೊಂದರಿಂದ ಹನ್ನೆರಡರವರೆಗಿನ ಮೊಬೈಲು ತಪ್ಪಿರಲಿಲ್ಲ. ಕಾರಣವನ್ನು ಕೇಳಿದಾಗ ಅಜ್ಜಿ ಬಹಳ ಹೊತ್ತು ಹೇಳಲಿಲ್ಲ; ಕೊನೆಗೆ, “ಆ ಹೊತ್ತಿಗೆ ನನ್ನ ಮಂಡಿ ಬಿದ್ದುಹೋಗುತ್ತದೆ. ಅವನ ಹಿಂದೆ ಓಡಲಾರೆ. ಒಂದು ಗಳಿಗೆ ಮಲಗಬೇಕು” ಎಂದರು. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಆರೂವರೆಯವರೆಗೆ ಹತ್ತು ಗಂಟೆ, ಐವತ್ತೆಂಟು ವರ್ಷದ ದೇಹ ಎರಡು ವರ್ಷದ ದೇಹವನ್ನು ಕಾಯುತ್ತಿದ್ದಿತು. ಆ ಒಂದು ಗಂಟೆಯ ಪರದೆ ಮಗುವಿಗಾಗಿ ಇದ್ದುದಲ್ಲ, ಅಜ್ಜಿಗಾಗಿ ಇದ್ದುದು. ಮೊಬೈಲು ಬೇಡವೆಂದು ಉಪದೇಶಿಸುವವರು ಆ ಗಂಟೆಗೆ ಬೇರೆ ಕೈಗಳನ್ನು ಒದಗಿಸಬೇಕು. ಇಲ್ಲವಾದರೆ ಉಪದೇಶವನ್ನು ನಿಲ್ಲಿಸಬೇಕು. ನಮ್ಮ ಮನೆಯಲ್ಲಿ, ಮನಸ್ತಾಪದ ದಿನ ದಂಡನೆಯಂತೆ ಕೇಳಿಸಿದ ಶಿಶುವಿಹಾರವೇ ಈಗ ಬೇರೆ ರೂಪದಲ್ಲಿ ಬಂದಿತು: ಬೆಳಿಗ್ಗೆ ಹತ್ತರಿಂದ ಹನ್ನೆರಡೂವರೆಯವರೆಗೆ ಬೀದಿಯ ಕೊನೆಯಲ್ಲಿರುವ ಶಿಶುವಿಹಾರಕ್ಕೆ ಮಗುವನ್ನು ನಾವು ಬಿಟ್ಟು ಕರೆದುತರುವೆವು. ಖರ್ಚು ಮಗನದು. ಆ ಹೊತ್ತಿನಲ್ಲಿ ಅಜ್ಜಿ ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗುವರು. ಪರದೆಯ ಕಾಲ ಈಗ ಸಂಜೆ ಅರ್ಧ ಗಂಟೆ. ನಾವು ಪಕ್ಕದಲ್ಲಿ ಕುಳಿತು, ಬಸ್ಸು ಎಲ್ಲಿಗೆ ಹೋಗುತ್ತದೆ, ಅದರಲ್ಲಿ ಯಾರಿದ್ದಾರೆ ಎಂದು ಕೇಳುತ್ತ ನೋಡುವೆವು. ಬಾನುವಾರ ಸೊಸೆಯ ತಾಯಿತಂದೆಗಳು ಶಿವಮೊಗ್ಗದಿಂದ ಮುಖ ತೋರಿಸಿ ಮಾತನಾಡುವುದು ಇದರ ಲೆಕ್ಕಕ್ಕೆ ಸೇರುವುದಿಲ್ಲ.

ಮೊನ್ನೆ ಮಗುವಿಗೆ ಎರಡು ವರ್ಷ ಒಂಬತ್ತು ತಿಂಗಳಾಯಿತು. ತೂಕ 12.3 ಕಿಲೋ, ಚುಕ್ಕೆ ತನ್ನ ಹಳೆಯ ದಾರಿಯಲ್ಲಿಯೇ ಇದೆ. ರಕ್ತವೂ ಸರಿಹೋಗಿದೆ. ಅಂದು ರಾತ್ರಿ ಎಲ್ಲರೂ ಊಟಕ್ಕೆ ಕುಳಿತಿದ್ದೆವು. ಮಗು ಐದು ತುತ್ತು ತಿಂದು, ತಟ್ಟೆಯ ಮೇಲೆ ಅಂಗೈಯನ್ನು ಅಡ್ಡವಿಟ್ಟು, “ಸಾಕು” ಎಂದಿತು. ಅಜ್ಜಿಯ ಕೈಯಲ್ಲಿ ಆರನೆಯ ತುತ್ತು ಆಗಲೇ ಸಿದ್ಧವಾಗಿದ್ದಿತು. ಅವರು ಅದನ್ನು ಒಂದು ಕ್ಷಣ ಹಾಗೆಯೇ ಹಿಡಿದಿದ್ದರು. ಸೊಸೆ ತಲೆ ತಗ್ಗಿಸಿ ಸಾರನ್ನು ಕಲಸುತ್ತಿದ್ದಳು. ಅಜ್ಜಿ ಆ ತುತ್ತನ್ನು ತಮ್ಮ ಬಾಯಿಗೆ ಹಾಕಿಕೊಂಡು, “ಮೊಸರನ್ನ ಬೇಕೇನೋ?” ಎಂದು ಮಗುವನ್ನು ಕೇಳಿದರು. ಮಗು ಬೇಕೆಂದಿತು.